ಸಿಆರ್‌ಎಂ ಪ್ಲಾನುಗಳ ಮಿತಿಗಳು

ಗಿರಾಕಿಗಳ ವಿವರ, ವಿಚಾರಣೆ, ಕೊಟೇಷನ್ ಮತ್ತು ಮಾರಾಟದ ಹಂತಗಳನ್ನು ದಾಖಲಿಸುವ ತಂತ್ರಾಂಶಕ್ಕೆ ವ್ಯಾಪಾರದ ಮಾತಿನಲ್ಲಿ ಸಿಆರ್‌ಎಂ ಎನ್ನುತ್ತಾರೆ. ಇದನ್ನು ತಿಂಗಳ ಬಾಡಿಗೆಗೆ ಕೊಡುವ ಕಂಪನಿಗಳು ಪ್ಲಾನುಗಳಿಗೆ ಸಾಮಾನ್ಯವಾಗಿ ಮೂರು ಬಗೆಯ ಮಿತಿ ಹಾಕುತ್ತವೆ: ಎಷ್ಟು ಕಾಂಟ್ಯಾಕ್ಟ್ ಇಡಬಹುದು, ಎಷ್ಟು ಪೈಪ್‌ಲೈನ್ ಮಾಡಿಕೊಳ್ಳಬಹುದು, ಎಷ್ಟು ಇಮೇಲ್ ಕಳಿಸಬಹುದು. ಬೆಲೆಪಟ್ಟಿಯಲ್ಲಿ ಮೂರೂ ಒಂದರ ಕೆಳಗೊಂದು ಕುಳಿತಿರುತ್ತವೆಯಾದರೂ ಅವು ಹುಟ್ಟಿದ ಕಾಲ ಬೇರೆ, ಕಾರಣ ಬೇರೆ. ನಾಲ್ಕೈದು ಜನರ ಮಾರಾಟ ತಂಡಕ್ಕೆ ಅವು ತಟ್ಟುವ ರೀತಿಯೂ ಬೇರೆ.

ತಲೆ ಎಣಿಕೆಯ ಕಾಲ

1987ರಲ್ಲಿ ಅಮೆರಿಕದಲ್ಲಿ ಬಂದ ‘ಆ್ಯಕ್ಟ್’ ಎಂಬ ತಂತ್ರಾಂಶವು ಡಾಸ್ ಕಂಪ್ಯೂಟರಿನಲ್ಲಿ ಗಿರಾಕಿಗಳ ಪಟ್ಟಿ ಇಡುತ್ತಿತ್ತು. ಅದನ್ನು ಡಬ್ಬಿಯಲ್ಲಿ ಕೊಂಡು ತಂದರೆ ಮುಗಿಯಿತು. ಎಷ್ಟು ಹೆಸರು ಹಿಡಿಸುತ್ತದೆ ಎಂಬುದು ನಿಮ್ಮ ಡಿಸ್ಕಿಗೆ ಬಿಟ್ಟದ್ದು. 1993ರಲ್ಲಿ ಶುರುವಾದ ಸೀಬೆಲ್ ಕಂಪನಿ ದೊಡ್ಡ ಸಂಸ್ಥೆಗಳಿಗೆ ಮಾರಿದ್ದೂ ಬಳಕೆದಾರರ ತಲೆ ಲೆಕ್ಕದ ಲೈಸೆನ್ಸನ್ನೇ. 1999ರಲ್ಲಿ ಹುಟ್ಟಿದ ಸೇಲ್ಸ್‌ಫೋರ್ಸ್ ತಂತ್ರಾಂಶವನ್ನು ಇಂಟರ್ನೆಟ್ಟಿಗೆ ತಂದು ತಲೆಗಿಷ್ಟೆಂದು ತಿಂಗಳ ಬಾಡಿಗೆ ಗೊತ್ತುಮಾಡಿತು. ಚೆನ್ನೈನ ಝೋಹೋ 2005ರಲ್ಲಿ ತನ್ನ ಸಿಆರ್‌ಎಂ ತಂದು, ಮೂವರು ಬಳಕೆದಾರರವರೆಗೆ ಉಚಿತವೆಂದಿತು. ಅಲ್ಲಿಯೂ ಅಳತೆಗೋಲು ತಲೆಯೇ.

ಕರ್ನಾಟಕದ ಅಂಗಡಿಕಾರರಿಗೆ ಈ ಬಗೆಯ ಲೆಕ್ಕ ಹೊಸದಲ್ಲ. 1986ರಲ್ಲಿ ಆರಂಭವಾದ ಬೆಂಗಳೂರಿನ ಟ್ಯಾಲಿ ಇಂದಿಗೂ ಒಬ್ಬ ಬಳಕೆದಾರರಿಗೆ ಸಿಲ್ವರ್, ಹಲವರಿಗೆ ಗೋಲ್ಡ್ ಎಂದು ಲೈಸೆನ್ಸ್ ಮಾರುತ್ತದೆ; ಎಷ್ಟು ಲೆಡ್ಜರ್ ತೆರೆದಿರಿ ಎಂದು ಕೇಳುವುದಿಲ್ಲ. ಲೈಸೆನ್ಸ್ ಇಲ್ಲದ ಎಜುಕೇಷನಲ್ ಮೋಡಿನಲ್ಲಿ ಮಾತ್ರ ತಿಂಗಳ 1, 2 ಮತ್ತು 31ನೆಯ ತಾರೀಖಿಗಷ್ಟೇ ವೋಚರ್ ಹಾಕಬಹುದು. ಕಾಮರ್ಸ್ ಓದಿದ ಎಷ್ಟೋ ಜನ ತಂತ್ರಾಂಶದ ಮಿತಿ ಎಂಬುದನ್ನು ಮೊದಲು ಕಂಡದ್ದು ಅಲ್ಲಿಯೇ. ಅದು ಜಾಣ ಮಿತಿ: ಕಲಿಯುವವರಿಗೆ ಏನೂ ಕೊರೆಯಿಲ್ಲ, ವ್ಯಾಪಾರ ಮಾಡುವವರಿಗೆ ಸಾಲದು.

ಕಾಂಟ್ಯಾಕ್ಟ್ ಮಿತಿ

ಡೇಟಾ ಕಂಪನಿಯ ಸರ್ವರಿಗೆ ಹೋದಮೇಲೆ ಜಾಗದ ಬಾಡಿಗೆಯ ಪ್ರಶ್ನೆ ಎದ್ದಿತು. ಸೇಲ್ಸ್‌ಫೋರ್ಸ್ ಬಹುತೇಕ ದಾಖಲೆಗಳನ್ನು, ಒಳಗೆ ಏನೇ ಬರೆದಿರಲಿ, ತಲಾ 2 ಕೆಬಿ ಎಂದು ಎಣಿಸುತ್ತದೆ. ಆ ಲೆಕ್ಕದಲ್ಲಿ 1 ಜಿಬಿ ಎಂದರೆ ಸುಮಾರು 5 ಲಕ್ಷ ದಾಖಲೆ. ಸಣ್ಣ ತಂಡಕ್ಕೆ ಅದು ಮಿತಿಯೇ ಅಲ್ಲ. ಜಾಗಕ್ಕಾಗಿಯೇ ಮಿತಿ ಹಾಕುವುದಾಗಿದ್ದರೆ ಯಾರೂ 500 ಹೆಸರಿಗೆ ಗೆರೆ ಎಳೆಯುತ್ತಿರಲಿಲ್ಲ.

ಹೆಸರು ಎಣಿಸಿ ಬೆಲೆ ಕಟ್ಟುವ ಪದ್ಧತಿ ಗಟ್ಟಿಯಾದದ್ದು ಇಮೇಲ್ ಪ್ರಚಾರದ ಕಂಪನಿಗಳಲ್ಲಿ. 2009ರಲ್ಲಿ ಉಚಿತ ಪ್ಲಾನ್ ತಂದ ಮೇಲ್‌ಚಿಂಪ್ ಅದನ್ನು ಮುಂದೆ 2,000 ಹೆಸರಿನವರೆಗೆ ಹಿಗ್ಗಿಸಿ, 2022ರಲ್ಲಿ 500ಕ್ಕೆ ಇಳಿಸಿತು. ಅದಕ್ಕಿಂತ ಹೆಚ್ಚು ಗಮನಿಸಬೇಕಾದ ಬದಲಾವಣೆ 2019ರದ್ದು. ಆ ವರ್ಷದಿಂದ, ‘ನನಗೆ ಇಮೇಲ್ ಬೇಡ’ ಎಂದು ಹೊರಬಿದ್ದವರೂ ಲೆಕ್ಕಕ್ಕೆ ಸೇರಿದರು. ಆರ್ಕೈವ್ ಮಾಡಿ ಪಕ್ಕಕ್ಕಿಡುವ ತನಕ ಅವರ ಹೆಸರಿಗೂ ಬಾಡಿಗೆ ಓಡುತ್ತಿತ್ತು. ಹಬ್‌ಸ್ಪಾಟ್ 2020ರ ಅಕ್ಟೋಬರಿನಲ್ಲಿ ಇದರ ತಿರುವುಮುರುವು ಮಾಡಿತು: ಪ್ರಚಾರದ ಸಂದೇಶ ಕಳಿಸುವ ಹೆಸರುಗಳಿಗಷ್ಟೇ ದುಡ್ಡು, ಉಳಿದವನ್ನು ‘ಮಾರ್ಕೆಟಿಂಗ್ ಅಲ್ಲದ ಕಾಂಟ್ಯಾಕ್ಟ್’ ಎಂದು ಬೇರೆ ಇಡಬಹುದು. ಹೀಗೆ ಸಂಖ್ಯೆಗಿಂತ ಆ ಸಂಖ್ಯೆಯೊಳಗೆ ಏನೇನು ಸೇರುತ್ತದೆ ಎಂಬುದೇ ಪ್ಲಾನಿನ ನಿಜವಾದ ಬೆಲೆಯಾಯಿತು.

ಒಂದು ಲೆಕ್ಕ

ಝೋಹೋ 2020ರಲ್ಲಿ ಸಣ್ಣ ವ್ಯಾಪಾರಗಳಿಗೆಂದೇ ‘ಬಿಗಿನ್’ ತಂದಿತು. ಅದರ ಉಚಿತ ಪ್ಲಾನ್ ಒಬ್ಬ ಬಳಕೆದಾರರಿಗೆ, 500 ದಾಖಲೆಗಳಿಗೆ. 500 ಎಂಬುದು ಕಾಗದದ ಮೇಲೆ ಸಣ್ಣ ಅಂಗಡಿಗೆ ಸಾಕೆನಿಸುತ್ತದೆ. ಅಂಥ ಮಿತಿ ಹೇಗೆ ತುಂಬುತ್ತದೆಂದು ನೋಡಲು ವಿಜಯಪುರ ಜಿಲ್ಲೆಯ ಆಲಮೇಲದಲ್ಲಿ ಒಂದು ಹನಿ ನೀರಾವರಿ ಡೀಲರ್ ಅಂಗಡಿಯನ್ನು ಕಲ್ಪಿಸಿಕೊಳ್ಳಬಹುದು. ಮಾಲೀಕರು, ಕಚೇರಿಯಲ್ಲಿ ಒಬ್ಬರು, ಹೊಲ ಸುತ್ತುವವರು ಇಬ್ಬರು. ಭೀಮಾ ದಂಡೆಯ ಕಬ್ಬು, ಇಂಡಿಯ ಲಿಂಬೆ, ಸಿಂದಗಿ ಮತ್ತು ಬಸವನ ಬಾಗೇವಾಡಿಯ ತೋಟಗಳು ಅವರ ಸೀಮೆ. ಒಮ್ಮೊಮ್ಮೆ ಮುದ್ದೇಬಿಹಾಳದಿಂದಲೂ ಫೋನ್ ಬರುತ್ತದೆ.

ಮೊದಲ ಹಂಗಾಮಿನಲ್ಲಿ 180 ರೈತರು ವಿಚಾರಿಸಿದರೆನ್ನೋಣ. ರೈತರದ್ದೊಂದು ದಾಖಲೆ, ಅವರ ವ್ಯವಹಾರದ್ದೊಂದು. ಎರಡನ್ನೂ ಎಣಿಸುವ ಪ್ಲಾನಿನಲ್ಲಿ ಆಗಲೇ 360 ಆಯಿತು. ಎರಡನೆಯ ಹಂಗಾಮಿನಲ್ಲಿ 100 ವಿಚಾರಣೆ, ಅದರಲ್ಲಿ 70 ಜನ ಹೊಸಬರು: ಇನ್ನೂ 170 ಸೇರಿ ಒಟ್ಟು 530. ಅಂಗಡಿಗೆ ಗೊತ್ತಿರುವ ರೈತರು 250 ಮಾತ್ರ, ಆದರೆ 500ರ ಮಿತಿ ದಾಟಿಹೋಗಿದೆ.

ಇದರ ಮೇಲೆ ಒಂದೇ ಹೆಸರು ಎರಡು ಸಲ ಸೇರುವ ಕಾಟ. ಇಂಥ ತಂತ್ರಾಂಶಗಳಲ್ಲಿ ಹಲವು, ನಕಲು ಹೆಸರನ್ನು ಇಮೇಲ್ ವಿಳಾಸ ನೋಡಿ ಹಿಡಿಯುತ್ತವೆ. ಇಮೇಲ್ ಇಲ್ಲದ ರೈತರ ಮಟ್ಟಿಗೆ ಅದು ಕುರುಡು. ಒಬ್ಬ ಹುಡುಗ Basavaraj ಎಂದು, ಇನ್ನೊಬ್ಬ Basvaraj ಎಂದು ಬರೆದರೆ, ಅದೇ ಮೊಬೈಲ್ ನಂಬರು ಒಂದು ಕಡೆ +91 ಹಚ್ಚಿಕೊಂಡು, ಇನ್ನೊಂದು ಕಡೆ ಸೊನ್ನೆ ಹಚ್ಚಿಕೊಂಡು ಕುಳಿತರೆ, ಯಂತ್ರದ ಕಣ್ಣಿಗೆ ಅವರು ಇಬ್ಬರು. ಇದನ್ನು ಪತ್ತೆಹಚ್ಚುವುದು ಸುಲಭ: ಪಟ್ಟಿಯನ್ನು ಎಕ್ಸೆಲ್‌ಗೆ ಇಳಿಸಿ, ನಂಬರಿನ ಕೊನೆಯ ಹತ್ತು ಅಂಕಿಯನ್ನಷ್ಟೇ ಉಳಿಸಿಕೊಂಡು ಸಾಲುಗೂಡಿಸಿದರೆ ಜೋಡಿಗಳು ಪಕ್ಕಪಕ್ಕ ಬಂದು ನಿಲ್ಲುತ್ತವೆ.

ಪೈಪ್‌ಲೈನ್ ಮಿತಿ

ವಿಚಾರಣೆಯಿಂದ ಹಣ ಕೈಸೇರುವತನಕದ ಹಂತಗಳ ಸಾಲೇ ಪೈಪ್‌ಲೈನ್. 2010ರಲ್ಲಿ ಎಸ್ಟೋನಿಯಾದಲ್ಲಿ ಆರಂಭವಾದ ಪೈಪ್‌ಡ್ರೈವ್, ವ್ಯವಹಾರಗಳನ್ನು ಚೀಟಿಗಳಂತೆ ಒಂದು ಕಂಬದಿಂದ ಮುಂದಿನ ಕಂಬಕ್ಕೆ ಎಳೆಯುವ ಪರದೆಯನ್ನೇ ತಂತ್ರಾಂಶದ ಮುಖವಾಗಿಸಿತು. ಅದು ಜನಪ್ರಿಯವಾದ ಮೇಲೆ ಉಳಿದವರೂ ಅದೇ ದಾರಿ ಹಿಡಿದರು. ಎರಡನೆಯ ಪೈಪ್‌ಲೈನ್ ಕೊಡಲು ಕಂಪನಿಗೆ ಖರ್ಚೆಂಬುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆದರೂ ಹಬ್‌ಸ್ಪಾಟ್‌ನ ಉಚಿತ ಆವೃತ್ತಿಯಲ್ಲಿ ಒಂದೇ ಪೈಪ್‌ಲೈನ್. ಮೂರು ಮಿತಿಗಳಲ್ಲಿ ಅಪ್ಪಟ ಬೇಲಿ ಇದು. ವ್ಯಾಪಾರ ಎರಡು ಬಗೆಯಾಗುವಷ್ಟು ಬೆಳೆದವರನ್ನು ಮೇಲಿನ ಪ್ಲಾನಿಗೆ ಹತ್ತಿಸುವುದೇ ಅದರ ಕೆಲಸ.

ಹನಿ ನೀರಾವರಿಯಲ್ಲಿ ಈ ಬೇಲಿ ಮೊದಲ ದಿನವೇ ತಾಗುತ್ತದೆ. ನಗದು ಕೊಟ್ಟು ಹಾಕಿಸುವ ರೈತರ ವ್ಯವಹಾರ ಹೊಲದ ಅಳತೆ, ಕೊಟೇಷನ್, ಮುಂಗಡ, ಜೋಡಣೆ ಎಂದು ಕೆಲವೇ ವಾರದಲ್ಲಿ ಮುಗಿಯುತ್ತದೆ. ಸಬ್ಸಿಡಿಯದು ಬೇರೆ ದಾರಿ: ಫ್ರೂಟ್ಸ್ ಐಡಿ, ಪಹಣಿ ಮುಂತಾದ ಕಾಗದಗಳ ಸಮೇತ ಅರ್ಜಿ, ಕಬ್ಬಿಗಾದರೆ ಕೃಷಿ ಇಲಾಖೆ, ಲಿಂಬೆಗಾದರೆ ತೋಟಗಾರಿಕೆ ಇಲಾಖೆ, ಮಂಜೂರಾತಿ, ಕಾರ್ಯಾದೇಶ, ಜೋಡಣೆ, ಅಧಿಕಾರಿಗಳ ಪರಿಶೀಲನೆ, ಕೊನೆಗೆ ಹಣ ಬಿಡುಗಡೆ. ಅನುದಾನ ಬಂದ ವೇಗದಲ್ಲಿ ಇದು ನಡೆಯುತ್ತದೆ, ಮಾರುವವರ ಚುರುಕಿನಿಂದಲ್ಲ.

ಎರಡನ್ನೂ ಒಂದೇ ಪೈಪ್‌ಲೈನಿಗೆ ಸುರಿದರೆ ಅಂದಾಜು ಕೆಡುತ್ತದೆ. ತಂತ್ರಾಂಶವು ವ್ಯವಹಾರದ ಮೊತ್ತಕ್ಕೆ ಆ ಹಂತದ ಸಂಭವವನ್ನು ಗುಣಿಸಿ ಈ ತಿಂಗಳ ನಿರೀಕ್ಷೆ ತೋರಿಸುತ್ತದೆ. ಕೊಟೇಷನ್ ಹಂತಕ್ಕೆ ಶೇ 50 ಎಂದಿಟ್ಟರೆ, ತಲಾ ₹60,000ದ 10 ನಗದು ವ್ಯವಹಾರಗಳಿಂದ ₹3 ಲಕ್ಷ. ತಲಾ ₹1 ಲಕ್ಷದ 30 ಸಬ್ಸಿಡಿ ವ್ಯವಹಾರಗಳಿಂದ ₹15 ಲಕ್ಷ. ಪರದೆಯ ಮೇಲೆ ₹18 ಲಕ್ಷ ಹೊಳೆಯುತ್ತದೆ, ತಿಂಗಳ ಕೊನೆಗೆ ಕೈಗೆ ಬರುವುದು ₹3 ಲಕ್ಷದ ಆಸುಪಾಸು. ಹದಿನೆಂಟನ್ನು ನಂಬಿ ಪೈಪು ತರಿಸಿದ ಅಂಗಡಿ ಉದ್ರಿಗೆ ಬೀಳುತ್ತದೆ. ಈ ಕಲಬೆರಕೆಯ ಗುರುತು ಒಂದೇ ಹಂತದಲ್ಲಿರುವ ವ್ಯವಹಾರಗಳ ವಯಸ್ಸಿನಲ್ಲಿದೆ: ಕೆಲವು ಹತ್ತಾರು ದಿನದವು, ಕೆಲವು ನೂರಾರು ದಿನದವು, ನಡುವೆ ಖಾಲಿ.

ದುಡ್ಡು ಕೊಡದೆ ಇದನ್ನು ಅರ್ಧ ಸರಿಪಡಿಸಬಹುದು. ‘ನಗದು’, ‘ಸಬ್ಸಿಡಿ’ ಎಂಬ ಒಂದು ಹೆಚ್ಚುವರಿ ಕಾಲಂ ಹಾಕಿ, ನೋಡುವಾಗ ಅದರಂತೆ ಸೋಸಿಕೊಳ್ಳುವುದು. ಪಟ್ಟಿ ಬೇರೆಯಾಗುತ್ತದೆ, ಆದರೆ ಹಂತಗಳೂ ಅವುಗಳ ಸಂಭವವೂ ಒಂದೇ ಆಗಿ ಉಳಿಯುವುದರಿಂದ ಮುನ್ನಂದಾಜು ಸರಿಹೋಗುವುದಿಲ್ಲ. ಸಬ್ಸಿಡಿ ವ್ಯವಹಾರಗಳಿಗೆ ಕಾರ್ಯಾದೇಶ ಬರುವತನಕ ಮೊತ್ತವನ್ನೇ ಬರೆಯದಿರುವುದು ಒರಟು ಉಪಾಯವಾದರೂ ಅದಕ್ಕಿಂತ ವಾಸಿ.

ಇಮೇಲ್ ಮಿತಿ

ಮೂರರಲ್ಲಿ ತಾಂತ್ರಿಕ ಕಾರಣವಿರುವುದು ಇದಕ್ಕೆ ಮಾತ್ರ. ಕಳಿಸುವ ಖರ್ಚಿಗಾಗಿ ಅಲ್ಲ; ಅಮೆಜಾನಿನ ಎಸ್‌ಇಎಸ್ ಸೇವೆ 2011ರಲ್ಲಿಯೇ ಸಾವಿರ ಇಮೇಲಿಗೆ 10 ಸೆಂಟ್ ದರದಲ್ಲಿ ಶುರುವಾಗಿತ್ತು. ಒಂದೇ ಸರ್ವರಿನಿಂದ ಸಾವಿರಾರು ಗಿರಾಕಿಗಳ ಇಮೇಲ್ ಹೋಗುವಾಗ ಒಬ್ಬರು ಕಸ ಕಳಿಸಿದರೂ ಆ ಸರ್ವರಿನ ಹೆಸರು ಕೆಟ್ಟು, ಎಲ್ಲರ ಇಮೇಲೂ ಸ್ಪ್ಯಾಮಿಗೆ ಬೀಳುತ್ತದೆ. ಅದಕ್ಕೇ ಉಚಿತ ಮತ್ತು ಅಗ್ಗದ ಪ್ಲಾನುಗಳಲ್ಲಿ ಈ ಕಡಿವಾಣ ಬಿಗಿ. ಸಾಮಾನ್ಯ ಜಿಮೇಲ್ ಖಾತೆಗೂ ದಿನಕ್ಕೆ 500 ಇಮೇಲಿನ ಮಿತಿಯಿದೆ, ಹಣ ಕೊಟ್ಟ ವರ್ಕ್‌ಸ್ಪೇಸ್‌ಗೆ 2,000. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ನಿಯಮ ಇನ್ನಷ್ಟು ಬಿಗಿಮಾಡಿದವು: ದಿನಕ್ಕೆ 5,000ಕ್ಕಿಂತ ಹೆಚ್ಚು ಇಮೇಲ್ ಜಿಮೇಲಿಗೆ ಕಳಿಸುವವರು ತಮ್ಮ ಡೊಮೇನಿನ ಗುರುತನ್ನು ಸಾಬೀತುಪಡಿಸಬೇಕು, ಒಂದೇ ಒತ್ತಿಗೆ ಹೊರಬೀಳುವ ಸೌಲಭ್ಯ ಕೊಡಬೇಕು, ಸ್ಪ್ಯಾಮ್ ದೂರು ಶೇ 0.3 ಮುಟ್ಟಕೂಡದು.

ಆಲಮೇಲದ ಅಂಗಡಿಗೆ ಈ ಮಿತಿಯಿಂದ ತೊಂದರೆಯಿಲ್ಲ. ಅವರ ರೈತರು ಇಮೇಲ್ ನೋಡುವುದಿಲ್ಲ, ವಾಟ್ಸ್‌ಆ್ಯಪ್ ನೋಡುತ್ತಾರೆ. 2018ರಲ್ಲಿ ಬಂದ ವಾಟ್ಸ್‌ಆ್ಯಪ್ ಬಿಸಿನೆಸ್ ಇಂಥ ಅನೇಕ ಅಂಗಡಿಗಳ ಹೆಸರಿಲ್ಲದ ಸಿಆರ್‌ಎಂ. ಅದರಲ್ಲೂ ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿಯಿದೆ, ಮೇಲಾಗಿ ಅಂಗಡಿಯ ನಂಬರನ್ನು ಫೋನಿನಲ್ಲಿ ಉಳಿಸಿಕೊಂಡವರಿಗಷ್ಟೇ ಸಂದೇಶ ತಲುಪುತ್ತದೆ. ಹೊಲಕ್ಕೆ ಹೋದಾಗಲೇ ಅಂಗಡಿಯ ನಂಬರ್ ಸೇವ್ ಮಾಡಿಸಿ ಬರುವ ಹುಡುಗರು ಈ ಮಿತಿಯನ್ನು ಬೆಲೆಪಟ್ಟಿ ಓದಿದವರಿಗಿಂತ ಚೆನ್ನಾಗಿ ಬಲ್ಲರು.

ಮಿತಿ ಮೀರಿದಾಗ

ಮೀರಿದಾಗ ಏನಾಗುತ್ತದೆಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಕೆಲವು ಕಡೆ ಹೊಸ ದಾಖಲೆ ಸೇರುವುದು ನಿಲ್ಲುತ್ತದೆ. ಎಕ್ಸೆಲ್ ಪಟ್ಟಿ ಒಳಗೆ ತರುವಾಗ ಅರ್ಧ ಸೇರಿ ಅರ್ಧ ಉಳಿದದ್ದು ಕೊನೆಯ ವರದಿಯಲ್ಲಷ್ಟೇ ಕಾಣುತ್ತದೆ, ಹಾಗಾಗಿ ತಂದ ಸಾಲುಗಳ ಎಣಿಕೆಯನ್ನು ಕಡತದ ಎಣಿಕೆಗೆ ಹೊಂದಿಸಿ ನೋಡಬೇಕು. ಹಬ್‌ಸ್ಪಾಟ್‌ನ ಹಣ ಕೊಡುವ ಪ್ಲಾನಿನಲ್ಲಿ ಮಾರ್ಕೆಟಿಂಗ್ ಕಾಂಟ್ಯಾಕ್ಟ್ ಮಿತಿ ದಾಟಿದರೆ ಖಾತೆ ತಾನಾಗಿ ಮುಂದಿನ ದರಕ್ಕೆ ಏರುತ್ತದೆ. ಆಮೇಲೆ ಹೆಸರು ಅಳಿಸಿದರೂ ದರ ಇಳಿಯುವುದು ಕರಾರು ನವೀಕರಣದ ದಿನ. ವರ್ಷದ ಕರಾರು ಮಾಡಿದವರು ಒಂದೇ ಮೇಳದಲ್ಲಿ ಸಿಕ್ಕ ನಂಬರುಗಳನ್ನೆಲ್ಲ ಒಮ್ಮೆಲೇ ಮಾರ್ಕೆಟಿಂಗ್ ಪಟ್ಟಿಗೆ ಸುರಿದರೆ ಮುಂದಿನ ಹನ್ನೊಂದು ತಿಂಗಳು ಅದರ ಬಾಡಿಗೆ ಕಟ್ಟಬೇಕಾಗಬಹುದು.