ಒಂದು ಕೆಜಿ ಕಮ್ಮಿ ಬಿದ್ದರೆ 208 ರೂಪಾಯಿ ಖೋತಾ: ‘ಜಾಸ್ತಿ ದುಡಿದವರಿಗೆ ಜಾಸ್ತಿ ದರ’ ಎಂಬ ಕೂಲಿಯ ಲೆಕ್ಕ

ಹೊಳಲ್ಕೆರೆ, ಚಿತ್ರದುರ್ಗ ಕಡೆ ಅಡಿಕೆ ಕೊಯ್ಲು ಶುರುವಾದರೆ ಸುಲಿಯೋ ಕೆಲಸಕ್ಕೆ ದಿನಗೂಲಿ ಲೆಕ್ಕ ಹಿಡಿಯುವುದು ಕಡಿಮೆ. ಸುಲಿದ ಅಡಿಕೆಯನ್ನು ತೂಗಿ, ಕೆಜಿಗೆ ಇಷ್ಟು ಅಂತ ಕೊಡುತ್ತಾರೆ. ಹೊಸದುರ್ಗ, ಹಿರಿಯೂರಿನ ತೆಂಗಿನ ತೋಟಗಳಲ್ಲೂ ಕಾಯಿ ಸುಲಿಯೋದು ಇಂತಿಷ್ಟು ಕಾಯಿಗೆ ಇಷ್ಟು ಎಂಬ ಲೆಕ್ಕವೇ. ಇದಕ್ಕೆ ತುಂಡು ದರ, ಅಂದರೆ ಪೀಸ್ ರೇಟ್ ಎನ್ನುತ್ತಾರೆ. ನಿಧಾನದವರಿಗೂ ಚುರುಕಿನವರಿಗೂ ಇಲ್ಲಿ ದರ ಒಂದೇ.

ಇದರ ಬದಲು ಇನ್ನೊಂದು ಪದ್ಧತಿಯಿದೆ. ಬಿ.ಕಾಂ. ಓದಿದವರಿಗೆ ಅದು ‘ಟೇಲರ್ ಪದ್ಧತಿ’ ಎಂದು ಗೊತ್ತು. ದಿನಕ್ಕೊಂದು ಗುರಿ ನಿಗದಿ ಮಾಡಿ, ಅದನ್ನು ಮುಟ್ಟಿದವರಿಗೆ ಹೆಚ್ಚಿನ ದರ, ಮುಟ್ಟದವರಿಗೆ ಕಡಿಮೆ ದರ ಕೊಡುವುದು. ಇದರ ಹೆಸರು ಭೇದಾತ್ಮಕ ತುಂಡು ದರ. ಕೇಳೋಕೆ ನ್ಯಾಯ ಅನ್ನಿಸುತ್ತದೆ: ಚೆನ್ನಾಗಿ ದುಡಿದವರಿಗೆ ಚೆನ್ನಾಗಿ ಕೊಟ್ಟರೆ ತಪ್ಪೇನು? ಉತ್ತರಕ್ಕೆ ಮುಂಚೆ ಲೆಕ್ಕ ಹಾಕಿ ನೋಡೋಣ.

ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ನಾನೇ ಹಿಡಿದಿದ್ದೇನೆ. ಇವು ಮಾರುಕಟ್ಟೆ ದರಗಳಲ್ಲ. ಈಗಿನ ದರ ಕೆಜಿಗೆ 10 ರೂಪಾಯಿ ಎಂದಿಟ್ಟುಕೊಳ್ಳಿ. ಹೊಸ ಪದ್ಧತಿಯಲ್ಲಿ ಗುರಿ 50 ಕೆಜಿ. ಮುಟ್ಟಿದರೆ ಎಲ್ಲಾ ಕೆಜಿಗೂ 12 ರೂಪಾಯಿ, ಮುಟ್ಟದಿದ್ದರೆ ಎಲ್ಲಾ ಕೆಜಿಗೂ 8 ರೂಪಾಯಿ. ಮೂವರು ಹೆಣ್ಣುಮಕ್ಕಳು ಒಂದೇ ದಿನ 40, 49 ಮತ್ತು 60 ಕೆಜಿ ಸುಲಿದರು.

| ಸುಲಿದದ್ದು | ಒಂದೇ ದರದಲ್ಲಿ ಕೂಲಿ | ಭೇದಾತ್ಮಕ ದರದಲ್ಲಿ ಕೂಲಿ |
|---|---|---|
| 40 ಕೆಜಿ | 400 ರೂ. | 320 ರೂ. |
| 49 ಕೆಜಿ | 490 ರೂ. | 392 ರೂ. |
| 60 ಕೆಜಿ | 600 ರೂ. | 720 ರೂ. |
| ಒಟ್ಟು 149 ಕೆಜಿ | 1,490 ರೂ. | 1,432 ರೂ. |

ಮೊದಲು ನಡುವಿನ ಸಾಲು ನೋಡಿ. 49 ಕೆಜಿ ಸುಲಿದವಳಿಗೆ 392 ರೂಪಾಯಿ. ಇನ್ನೊಂದೇ ಒಂದು ಕೆಜಿ ಸುಲಿದಿದ್ದರೆ 50 ಕೆಜಿಗೆ 600 ರೂಪಾಯಿ ಸಿಗುತ್ತಿತ್ತು. ಆ ಕೊನೆಯ ಒಂದು ಕೆಜಿಯ ಬೆಲೆ 208 ರೂಪಾಯಿ! ತಕ್ಕಡಿ ಎರಡು ಸಲ ಕಮ್ಮಿ ತೋರಿಸಿದರೂ ಸಾಕು, ದಿನದ ದುಡಿಮೆ ಕುಸಿಯುತ್ತದೆ.

ಈಗ ಕೊನೆಯ ಸಾಲು. ಮೂರನೆಯವಳಿಗೆ 120 ರೂಪಾಯಿ ಜಾಸ್ತಿ ಬಂತು. ಉಳಿದಿಬ್ಬರು ಕಳೆದುಕೊಂಡದ್ದು 80 ಮತ್ತು 98, ಒಟ್ಟು 178 ರೂಪಾಯಿ. ಅಂದರೆ ‘ಬಹುಮಾನ’ದ ದುಡ್ಡು ಮಾಲೀಕರ ಜೇಬಿನಿಂದ ಬರಲಿಲ್ಲ. ಅದು ಪಕ್ಕದಲ್ಲಿ ಕೂತವರ ಕೂಲಿಯಿಂದ ಬಂತು, ಮಿಕ್ಕ 58 ರೂಪಾಯಿ ಮಾಲೀಕರಿಗೆ ಉಳಿಯಿತು. ಕೆಜಿಗೆ 10 ರೂಪಾಯಿ ಇದ್ದ ಸರಾಸರಿ ಕೂಲಿ ವೆಚ್ಚ ಸುಮಾರು 9.61ಕ್ಕೆ ಇಳಿಯಿತು.

ಹಾಗಂತ ಈ ಪದ್ಧತಿ ಯಾವಾಗಲೂ ಕೂಲಿ ವೆಚ್ಚ ಇಳಿಸುತ್ತದೆ ಎಂದಲ್ಲ. ಮೂವರೂ ಗುರಿ ಮುಟ್ಟಿದರೆ ಮಾಲೀಕರು ಪ್ರತಿ ಕೆಜಿಗೂ 12 ರೂಪಾಯಿ ಕೊಡಬೇಕು. ಹಾಗಾದರೆ ಯಾವ ಮಾಲೀಕ ತಾನಾಗಿ ಹೆಚ್ಚಿನ ದರ ಕೊಡೋಕೆ ಒಪ್ಪುತ್ತಾನೆ? ಇದಕ್ಕೆ ಉತ್ತರ ಈ ಪದ್ಧತಿ ಹುಟ್ಟಿದ ಜಾಗದಲ್ಲಿದೆ.

ಎಫ್. ಡಬ್ಲ್ಯು. ಟೇಲರ್ ಅಮೆರಿಕದ ಫಿಲಡೆಲ್ಫಿಯಾದ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಯಲ್ಲಿ ಇದನ್ನು ಜಾರಿಗೆ ತಂದು, 1895ರಲ್ಲಿ ಎಂಜಿನಿಯರುಗಳ ಸಂಘದ ಮುಂದೆ ಪ್ರಬಂಧ ಮಂಡಿಸಿದ. ಅವನು ಕೊಟ್ಟ ಉದಾಹರಣೆಯಲ್ಲಿ ಕಾರ್ಮಿಕ ಮೊದಲು ಒಂದು ತುಂಡಿಗೆ 50 ಸೆಂಟ್‌ನಂತೆ ದಿನಕ್ಕೆ 5 ತುಂಡು ಮಾಡಿ ಎರಡೂವರೆ ಡಾಲರ್ ಗಳಿಸುತ್ತಿದ್ದ. ಹೊಸ ಪದ್ಧತಿಯಲ್ಲಿ 10 ತುಂಡು ಮುಗಿಸಿದರೆ ತುಂಡಿಗೆ 35 ಸೆಂಟ್, ಇಲ್ಲವಾದರೆ 25 ಸೆಂಟ್. ಗುರಿ ಮುಟ್ಟಿದವನಿಗೆ ಮೂರೂವರೆ ಡಾಲರ್. ಆದರೆ ಆ ಕಾರ್ಮಿಕ ಕೂತರೂ ನಿಂತರೂ ಅವನ ಯಂತ್ರಕ್ಕೆ ದಿನಕ್ಕೆ 3.37 ಡಾಲರ್ ಖರ್ಚಿತ್ತು. ಆ ಖರ್ಚು 5 ತುಂಡಿನ ಬದಲು 10ಕ್ಕೆ ಹಂಚಿಹೋದಾಗ, ಕೂಲಿಯೂ ಸೇರಿ ಒಂದು ತುಂಡಿನ ವೆಚ್ಚ 1.17 ಡಾಲರಿನಿಂದ 69 ಸೆಂಟಿಗೆ ಇಳಿಯಿತು.

ಮಾಲೀಕರ ಲಾಭದ ಗುಟ್ಟು ಇದೇ. ಯಂತ್ರ, ಕಟ್ಟಡ, ಕರೆಂಟಿನ ಖರ್ಚು ದೊಡ್ಡದಿದ್ದ ಕಡೆ ವೇಗಕ್ಕೆ ಜಾಸ್ತಿ ಕೊಟ್ಟರೂ ಉಳಿತಾಯವಾಗುತ್ತದೆ. ಆದರೂ ಇನ್ನೊಂದು ಗಮನಿಸಿ: ಕೆಲಸ ದುಪ್ಪಟ್ಟಾಯಿತು, ಕೂಲಿ ಏರಿದ್ದು ಶೇ. 40 ಮಾತ್ರ. ‘ಹೆಚ್ಚಿನ ದರ’ ಎಂದು ಕರೆದ 35 ಸೆಂಟ್ ಕೂಡ ಹಳೆಯ 50 ಸೆಂಟಿಗಿಂತ ಕಮ್ಮಿಯೇ.

ಈಗ ಅಡಿಕೆಗೆ ವಾಪಸ್ ಬರೋಣ. ಕೈಯಲ್ಲಿ ಸುಲಿಯುವವಳ ಮುಂದೆ ಇರುವುದು ಒಂದು ಕತ್ತಿ, ಕೂರೋಕೆ ಒಂದಿಷ್ಟು ಜಾಗ. ಹಂಚಿಹೋಗಬೇಕಾದ ಯಂತ್ರದ ಖರ್ಚೇ ಇಲ್ಲ. ಹಸಿ ಅಡಿಕೆ ಕೆಡುವ ಮೊದಲು ಸುಲಿದು ಬೇಯಿಸಬೇಕಾದ್ದರಿಂದ ವೇಗಕ್ಕೆ ಬೆಲೆಯಿದೆ, ನಿಜ. ಆದರೆ ಆ ಅವಸರಕ್ಕೆ ಇನ್ನಿಬ್ಬರನ್ನು ಕರೆದರೂ ಆಗುತ್ತದೆ. ಹಾಗಾಗಿ ಇಂಥ ಕೆಲಸಕ್ಕೆ ಭೇದಾತ್ಮಕ ದರ ತಂದರೆ ಮಾಲೀಕರಿಗೆ ಉಳಿತಾಯ ಬರಬಹುದಾದ ಮುಖ್ಯ ದಾರಿ ಒಂದೇ, ಗುರಿ ಮುಟ್ಟದವರ ಕೂಲಿ ಕಡಿತ.

ಗುರಿ ಮುಟ್ಟದವರು ಯಾರು? ವಯಸ್ಸಾದವರು, ಎಳೆ ಕೂಸಿನ ತಾಯಂದಿರು, ಕೆಲಸಕ್ಕೆ ಹೊಸಬರು. ಅದಕ್ಕಿಂತ ಹೆಚ್ಚಾಗಿ, ಅವತ್ತು ಪಾಲಿಗೆ ಬಂದ ಅಡಿಕೆ ಎಂಥದು ಎಂಬುದೂ ಮುಖ್ಯ. ಸಣ್ಣ ಅಡಿಕೆಯಾದರೆ ಒಂದು ಕೆಜಿಗೆ ಹೆಚ್ಚು ಕಾಯಿ ಸುಲಿಯಬೇಕು, ಕೊಯ್ದು ಬಾಡಿದ್ದಾದರೆ ಸಿಪ್ಪೆ ಬೇಗ ಬಿಡುವುದಿಲ್ಲ. ಮನೆಗೆ ಒಯ್ದು ಸುಲಿಯುವ ಕಡೆ ಒಬ್ಬಳ ಹೆಸರಿನ 60 ಕೆಜಿಯಲ್ಲಿ ಅತ್ತೆಯದೂ ಮಗಳದೂ ಕೈ ಸೇರಿರಬಹುದು. ಆ ಅಂಕಿ ನೋಡಿ ಗುರಿ ನಿಗದಿ ಮಾಡಿದರೆ, ಒಬ್ಬಂಟಿಯಾಗಿ ಸುಲಿಯುವವಳು ಎಂದಿಗೂ ಅದನ್ನು ಮುಟ್ಟಲಾರಳು.

ಟೇಲರ್ ನಂತರ ಮೆರಿಕ್ ಎಂಬಾತ ಈ ಪ್ರಪಾತವನ್ನು ಮೆಟ್ಟಿಲು ಮಾಡಿದ. ಗುರಿಯ ಶೇ. 83ರವರೆಗೆ ಮಾಮೂಲಿ ದರ, ಅಲ್ಲಿಂದ ಗುರಿಯವರೆಗೆ ಶೇ. 110, ಗುರಿ ದಾಟಿದರೆ ಶೇ. 120. ನಮ್ಮ ಮೂವರಿಗೆ ಇದು 400, 539, 720 ರೂಪಾಯಿ ಆಗುತ್ತದೆ. ಯಾರಿಗೂ ಕಡಿತವಿಲ್ಲ. ಆದರೆ ಕೆಜಿಗೆ ಕೂಲಿ ವೆಚ್ಚ ಸುಮಾರು 11.13 ರೂಪಾಯಿಗೆ ಏರುತ್ತದೆ. ನಿಜವಾಗಿ ಬಹುಮಾನ ಕೊಡುವುದೆಂದರೆ ಇದು, ಯಾಕೆಂದರೆ ಇಲ್ಲಿ ಕೊಡುವವರು ಮಾಲೀಕರೇ.

ಕಾನೂನಿನಲ್ಲೂ ಒಂದು ತಳವಿದೆ. ತುಂಡು ಕೆಲಸಕ್ಕೆ ಸರ್ಕಾರ ಪ್ರತ್ಯೇಕ ಕನಿಷ್ಠ ದರ ನಿಗದಿ ಮಾಡದೆ ಬರೀ ಕಾಲಾವಧಿಯ ಕನಿಷ್ಠ ಕೂಲಿ ನಿಗದಿ ಮಾಡಿದ್ದರೆ, ತುಂಡಿನ ಲೆಕ್ಕದಲ್ಲಿ ದುಡಿದವರಿಗೂ ಅದಕ್ಕಿಂತ ಕಮ್ಮಿ ಕೊಡುವಂತಿಲ್ಲ. 1948ರ ಕನಿಷ್ಠ ವೇತನ ಕಾಯ್ದೆಯ 17ನೇ ಸೆಕ್ಷನ್ ಹೀಗೆ ಹೇಳಿತ್ತು. 2019ರ ವೇತನ ಸಂಹಿತೆಯಲ್ಲೂ ಈ ನಿಯಮ ಉಳಿದಿದೆ. ಟೇಲರ್ ಪದ್ಧತಿಯಲ್ಲಿ ಇಂಥ ತಳವೇ ಇರಲಿಲ್ಲ. ಆದರೆ ಕಾನೂನಿನ ತಳ ಕೈಗೆ ಸಿಗಬೇಕಾದರೆ ಎಷ್ಟು ಹೊತ್ತು ದುಡಿದರು ಎಂಬ ದಾಖಲೆ ಬೇಕು. ಕೆಜಿ ಬರೆದಿಟ್ಟು ಗಂಟೆ ಬರೆಯದ ಪುಸ್ತಕದಲ್ಲಿ ಅದು ಕಾಣುವುದಿಲ್ಲ.

ಇಷ್ಟು ಆರ್ಡರ್ ಮುಗಿಸಿದರೆ ಇಷ್ಟು ಇನ್ಸೆಂಟಿವ್, ಒಂದು ಕಮ್ಮಿಯಾದರೂ ಇಲ್ಲ ಎನ್ನುವ ಡೆಲಿವರಿ ಆ್ಯಪುಗಳಲ್ಲೂ ಇದೇ ಪ್ರಪಾತವಿದೆ. ಅಲ್ಲಿ ಗಾಡಿ, ಪೆಟ್ರೋಲ್ ಎರಡೂ ದುಡಿಯುವವರದೇ. ‘ದಕ್ಷತೆಗೆ ಬಹುಮಾನ’ ಎಂಬ ಮಾತು ಎಲ್ಲಿ ಕೇಳಿದರೂ ಗುರಿ ಮುಟ್ಟಿದವರ ಕೂಲಿಯನ್ನಷ್ಟೇ ನೋಡಬೇಡಿ. ಗುರಿಗೆ ಒಂದು ಕಮ್ಮಿ ಬಿದ್ದವರ ಕೂಲಿ ಎಷ್ಟು ಅಂತ ಕೇಳಿ. ಬಹುಮಾನದ ದುಡ್ಡು ಯಾರದು ಎಂಬುದು ಅಲ್ಲೇ ಗೊತ್ತಾಗುತ್ತದೆ.