ಹಣೆಯ ಮೂಲೆಯ ಕೂದಲು: ಔಷಧಿ ಉಳಿಸೋದೆಷ್ಟು, ಮರಳಿಸೋದೆಷ್ಟು?

ನನಗಾಗ 24 ವರ್ಷ. ಗೆಳೆಯನ ಮದುವೆಯ ಫೋಟೊ ನೋಡ್ತಿದ್ದಾಗ ನನ್ನ ಹಣೆಯ ಎರಡೂ ಮೂಲೆಗಳು ಒಳಗೆ ಸರಿದಿರುವುದು ಮೊದಲ ಸಲ ಕಣ್ಣಿಗೆ ಬಿತ್ತು. ಅಮ್ಮ "ಬೆಂಗ್ಳೂರಿನ ಬೋರ್‌ವೆಲ್ ನೀರು ಕಣೋ" ಅಂದಳು. ಅಪ್ಪ ಹೆಲ್ಮೆಟ್ ಮೇಲೆ ತಪ್ಪು ಹೊರಿಸಿದ. ಮೊಬೈಲು ಮಾತ್ರ ನಾನು ಕೇಳುವ ಮೊದಲೇ ಜಾಹೀರಾತು ತೋರಿಸಲು ಶುರು ಮಾಡಿತು. ಹತ್ತು ಪ್ರಶ್ನೆಗೆ ಉತ್ತರ ಕೊಟ್ಟರೆ 'ನಿಮಗಾಗಿಯೇ ತಯಾರಿಸಿದ' ಕಿಟ್ ಮನೆಗೆ ಬರುತ್ತೆ ಅಂತ. ತರಿಸಿದೆ. ಎಣ್ಣೆ, ಶಾಂಪೂ, ವಿಟಮಿನ್ ಮಾತ್ರೆ. ಮೂರು ತಿಂಗಳಾದರೂ ಒಂದು ಕೂದಲೂ ಹುಟ್ಟಲಿಲ್ಲ.

ಆಮೇಲೆ ಸರ್ಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ಸಾಲಿನಲ್ಲಿ ನಿಂತೆ. ವೈದ್ಯರು ಬೆಳಕಿರುವ ಸಣ್ಣ ಭೂತಗನ್ನಡಿ ಹಿಡಿದು ನೋಡಿದರು. ಹಣೆಯ ಮೂಲೆಯಲ್ಲಿ ದಪ್ಪ ಕೂದಲಿನ ಪಕ್ಕದಲ್ಲೇ ನೂಲಿನಂಥ ಸಣ್ಣ ಕೂದಲುಗಳಿದ್ದವು. ತಲೆಯ ಹಿಂಭಾಗದಲ್ಲಿ ಎಲ್ಲವೂ ಒಂದೇ ದಪ್ಪ. "ಇದು ನೀರಿನಿಂದ ಆಗಿದ್ದಲ್ಲ. ನೀರಿಗೆ ತಲೆಯ ಮುಂಭಾಗ, ಹಿಂಭಾಗ ಅಂತ ಭೇದ ಇರೋದಿಲ್ಲ" ಅಂದರು. ಡೆಂಗಿ ಅಥವಾ ಟೈಫಾಯ್ಡ್ ಜ್ವರ ಬಂದು ಎರಡು-ಮೂರು ತಿಂಗಳಿಗೆ ಕೂದಲು ಉದುರಿದರೆ ಅದು ಇಡೀ ತಲೆಯಿಂದ ಉದುರುತ್ತೆ, ಸಾಮಾನ್ಯವಾಗಿ ತಾನಾಗಿಯೇ ಮರಳುತ್ತೆ. ನನ್ನದು ಹಾಗಲ್ಲ. ಇನ್ನೊಂದು ವಿಷಯವನ್ನೂ ಹೇಳಿದರು: ಹದಿಹರೆಯ ದಾಟುವಾಗ ಹುಡುಗರ ಹಣೆಗೆರೆ ಸ್ವಲ್ಪ ಮೇಲೇರುವುದು ಸಹಜ. ಅಲ್ಲಿಗೇ ನಿಂತು, ಕೂದಲಿನ ದಪ್ಪ ಹಾಗೇ ಇದ್ದರೆ ಯಾವ ಔಷಧಿಯೂ ಬೇಕಿಲ್ಲ.

ಹಾಗಾದರೆ ಕಾರಣ ಏನು? 1942ರಲ್ಲಿ ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ಒಂದು ಅಂಶವನ್ನು ದಾಖಲಿಸಿದರು. ಪ್ರೌಢಾವಸ್ಥೆಗೆ ಮೊದಲೇ ವೃಷಣ ಕಳೆದುಕೊಂಡ ಗಂಡಸರ ತಲೆ ಬೋಳಾಗುತ್ತಿರಲಿಲ್ಲ. ಅಂಥವರಿಗೆ ಟೆಸ್ಟೋಸ್ಟಿರಾನ್ ಕೊಟ್ಟಾಗ, ವಂಶದಲ್ಲಿ ಆ ಗುಣ ಇದ್ದವರಿಗೆ ಕೂದಲು ಹೋಗತೊಡಗಿತು. 1974ರಲ್ಲಿ ಡೊಮಿನಿಕನ್ ರಿಪಬ್ಲಿಕ್‌ನ ಕೆಲವು ಕುಟುಂಬಗಳ ಅಧ್ಯಯನ ಇನ್ನೊಂದು ಸುಳಿವು ಕೊಟ್ಟಿತು. ಅಲ್ಲಿನ ಕೆಲವು ಗಂಡಸರ ದೇಹದಲ್ಲಿ ಟೆಸ್ಟೋಸ್ಟಿರಾನನ್ನು ಡಿಎಚ್‌ಟಿ ಎಂಬ ಇನ್ನೂ ಪ್ರಬಲ ಹಾರ್ಮೋನಾಗಿ ಬದಲಿಸುವ ಕಿಣ್ವ ಹುಟ್ಟಿನಿಂದಲೇ ಕೆಲಸ ಮಾಡುತ್ತಿರಲಿಲ್ಲ. ಅವರಲ್ಲೂ ಬೋಳುತಲೆ ಕಾಣಿಸಲಿಲ್ಲ.

ಅಂದರೆ ಕೂದಲಿನ ಶತ್ರು ಡಿಎಚ್‌ಟಿ. ಹಣೆಯ ಮೂಲೆ ಮತ್ತು ನೆತ್ತಿಯ ಕೂದಲಿನ ಬುಡಗಳು ವಂಶವಾಹಿಯ ಕಾರಣದಿಂದ ಅದಕ್ಕೆ ಜಾಸ್ತಿ ಸ್ಪಂದಿಸುತ್ತವೆ. ಪ್ರತಿ ಸುತ್ತಿನಲ್ಲೂ ಕೂದಲು ಬೆಳೆಯುವ ಅವಧಿ ಕಮ್ಮಿಯಾಗುತ್ತಾ, ಬುಡ ಕುಗ್ಗುತ್ತಾ ಹೋಗುತ್ತದೆ. ದಪ್ಪ ಕೂದಲು ನೂಲಾಗುತ್ತದೆ, ನೂಲು ಕಣ್ಣಿಗೇ ಕಾಣದಂತಾಗುತ್ತದೆ.

ಫಿನಾಸ್ಟೆರೈಡ್ ಆ ಕಿಣ್ವವನ್ನೇ ತಡೆಯುವ ಮಾತ್ರೆ. ದಿನಕ್ಕೆ 1 ಮಿಲಿಗ್ರಾಂ ತೆಗೆದುಕೊಂಡರೆ ರಕ್ತದಲ್ಲಿನ ಡಿಎಚ್‌ಟಿ ಸುಮಾರು ಮೂರನೇ ಎರಡು ಭಾಗ ಇಳಿಯುತ್ತದೆ. ಮಿನಾಕ್ಸಿಡಿಲ್ ಹಾರ್ಮೋನಿನ ತಂಟೆಗೇ ಹೋಗುವುದಿಲ್ಲ. ಅದು ಮೂಲತಃ ರಕ್ತದೊತ್ತಡದ ಮಾತ್ರೆ. ಅದನ್ನು ನುಂಗಿದವರ ಮೈಮೇಲೆಲ್ಲ ಕೂದಲು ಬೆಳೆದಿದ್ದರಿಂದ ತಲೆಗೆ ಹಚ್ಚುವ ದ್ರಾವಣ ಹುಟ್ಟಿಕೊಂಡಿತು. ವಿಶ್ರಾಂತಿಯಲ್ಲಿರುವ ಕೂದಲಿನ ಬುಡವನ್ನು ಅದು ಬೇಗ ಎಬ್ಬಿಸಿ, ಬೆಳೆಯುವ ಅವಧಿಯನ್ನು ಉದ್ದ ಮಾಡುತ್ತದೆ. ಸರಳವಾಗಿ ಹೇಳೋದಾದ್ರೆ, ಒಂದು ಸವೆತವನ್ನು ತಡೆಯುತ್ತದೆ, ಇನ್ನೊಂದು ಉಳಿದಿದ್ದಕ್ಕೆ ಗೊಬ್ಬರ ಹಾಕುತ್ತದೆ. ಪೂರ್ತಿ ಸತ್ತ ಬುಡವನ್ನು ಎರಡೂ ಬದುಕಿಸಲಾರವು.

ಜಾಹೀರಾತುಗಳು ಮುಚ್ಚಿಡೋದು ಇದನ್ನೇ. ಫಿನಾಸ್ಟೆರೈಡ್‌ನ ಪ್ರಮುಖ ಪರೀಕ್ಷೆಯಲ್ಲಿ ಎರಡು ವರ್ಷದ ಹೊತ್ತಿಗೆ ಮಾತ್ರೆ ತೆಗೆದುಕೊಂಡ 83% ಗಂಡಸರ ಕೂದಲಿನ ಎಣಿಕೆ ಇಳಿದಿರಲಿಲ್ಲ. ಖಾಲಿ ಮಾತ್ರೆ ನುಂಗಿದವರಲ್ಲಿ ಹೀಗಿದ್ದವರು 28% ಮಾತ್ರ. ಭಾರೀ ವ್ಯತ್ಯಾಸ ನಿಜ, ಆದರೆ ಎಣಿಸಿದ್ದು ನೆತ್ತಿಯ ಕೂದಲನ್ನು. ಹಣೆಯ ಎರಡು ಮೂಲೆಗಳ ಮೇಲೆ ಇದರ ಪರಿಣಾಮ ಸಾಬೀತಾಗಿಲ್ಲ ಅಂತ ಅಮೆರಿಕದ ಮೂಲ ಲೇಬಲ್ಲಿನಲ್ಲೇ ಬರೆದಿದೆ. ಅಲ್ಲಿನ 5% ಮಿನಾಕ್ಸಿಡಿಲ್ ಡಬ್ಬಿಯೂ ಹಿಂದೆ ಸರಿಯುವ ಹಣೆಗೆರೆಗೆ ಇದು ಉದ್ದೇಶಿಸಿದ್ದಲ್ಲ ಅನ್ನುತ್ತದೆ. ಮೂಲೆಯಲ್ಲೂ ಕೆಲವರಿಗೆ ಕೂದಲು ಬರುತ್ತದೆ. ಆದರೆ ಅದು ಭರವಸೆ ಕೊಡುವಂಥದ್ದಲ್ಲ. ಮತ್ತೆ ವೈದ್ಯರು ಯಾಕೆ ಕೊಡ್ತಾರೆ? ಹಿಂದಿರುವ ಸಾಲನ್ನು ಉಳಿಸಲಿಕ್ಕೆ.

ನನ್ನ ಲೆಕ್ಕ ಹೀಗಿದೆ. ಬೆಳಿಗ್ಗೆ, ರಾತ್ರಿ ಒಂದೊಂದು ಮಿಲಿಲೀಟರ್ 5% ಮಿನಾಕ್ಸಿಡಿಲ್. ಅಂದರೆ 60 ಮಿಲಿಯ ಬಾಟಲಿ ತಿಂಗಳಿಗೆ ಖಾಲಿ. ಆರನೇ ವಾರಕ್ಕೆ ದಿಂಬಿನ ತುಂಬ ಕೂದಲು. ಗಾಬರಿಯಾಗಿ ಓಡಿದೆ. ಹಳೆಯ ಕೂದಲನ್ನು ಹೊಸದು ತಳ್ಳುವಾಗ ಹೀಗಾಗುತ್ತೆ, ಕೆಲ ವಾರಗಳಲ್ಲಿ ನಿಲ್ಲುತ್ತೆ ಅಂದರು. ನಿಂತಿತು. ತುಂಬ ಜನ ಔಷಧಿ ಬಿಡೋದು ಇದೇ ಹಂತದಲ್ಲಿ. ನಾಲ್ಕನೇ ತಿಂಗಳಲ್ಲಿ ಫಿನಾಸ್ಟೆರೈಡ್ ಸೇರಿತು. ಪ್ರತಿ ತಿಂಗಳು ಒಂದೇ ಕಿಟಕಿಯ ಬೆಳಕಲ್ಲಿ ಒಣಗಿದ ಕೂದಲಿನ ಫೋಟೊ ತೆಗೆದೆ. ಕನ್ನಡಿ ಸುಳ್ಳು ಹೇಳುತ್ತೆ. ಒಂದು ವರ್ಷಕ್ಕೆ ಎಡಮೂಲೆ ಸ್ವಲ್ಪ ತುಂಬಿತ್ತು, ಬಲಮೂಲೆ ಇದ್ದಂತೆಯೇ ಇತ್ತು. ಆದರೆ ಗೆರೆ ಹಿಂದೆ ಹೋಗಿರಲಿಲ್ಲ. ಗೆಲುವು ಅಂದರೆ ಇಷ್ಟೇ. ಬಿಟ್ಟರೆ ಇದೂ ಇಲ್ಲ: ಮಿನಾಕ್ಸಿಡಿಲ್ ನಿಲ್ಲಿಸಿದ ಮೂರು-ನಾಲ್ಕು ತಿಂಗಳಲ್ಲಿ, ಫಿನಾಸ್ಟೆರೈಡ್ ನಿಲ್ಲಿಸಿದ ಒಂದು ವರ್ಷದೊಳಗೆ ಗಳಿಸಿದ್ದು ಹೋಗುತ್ತದೆ.

ಬೆಲೆ ಹಣದಲ್ಲಿ ಮಾತ್ರ ತೆರಬೇಕಿಲ್ಲ. ಪರೀಕ್ಷೆಗಳಲ್ಲಿ ಫಿನಾಸ್ಟೆರೈಡ್ ತೆಗೆದುಕೊಂಡ 3.8% ಗಂಡಸರಲ್ಲಿ ಲೈಂಗಿಕ ತೊಂದರೆ ಕಂಡಿತು, ಖಾಲಿ ಮಾತ್ರೆಯವರಲ್ಲಿ 2.1%. ಬಹುತೇಕರಿಗೆ ಮಾತ್ರೆ ಬಿಟ್ಟಮೇಲೆ ಸರಿಹೋಗುತ್ತದೆ. ಬಿಟ್ಟಮೇಲೂ ಉಳಿದ ವರದಿಗಳಿವೆ. 2025ರಲ್ಲಿ ಯುರೋಪಿನ ಔಷಧ ಸಂಸ್ಥೆಯು ಆತ್ಮಹತ್ಯೆಯ ಯೋಚನೆಯನ್ನು ಇದರ ಅಡ್ಡಪರಿಣಾಮ ಎಂದು ದೃಢಪಡಿಸಿತು. ನನ್ನ ಪಿಜಿ ರೂಮ್‌ಮೇಟ್ ಚೀಟಿಯಿಲ್ಲದೆ ಮೆಡಿಕಲ್ ಶಾಪಿನಿಂದ ತಂದು ನುಂಗ್ತಿದ್ದ. ಎರಡು ತಿಂಗಳಿಗೆ ಮಾತು ಕಮ್ಮಿಯಾಯ್ತು, ಊಟ ಬಿಟ್ಟ. "ಕೂದಲಿಗೆ ಮಾತ್ರೆ ತಗೋತಿದೀನಿ ಅಂತ ಹೇಳೋಕೆ ನಾಚ್ಕೆ ಆಯ್ತು ಮಾರಾಯ" ಅಂದ. ಕಾರಣ ಮಾತ್ರೆಯೋ ಬೇರೆಯೋ, ಹೇಳೋದು ಕಷ್ಟ. ಆದರೆ ಅವನಿಗೆ ಹಿಂದೆ ಖಿನ್ನತೆ ಇತ್ತು, ಅದನ್ನು ಯಾರೂ ಕೇಳಿರಲಿಲ್ಲ. ನನ್ನ ವೈದ್ಯರು ಮೊದಲು ಕೇಳಿದ್ದೇ ಅದನ್ನು. ಮನಸ್ಸು ಕುಗ್ಗಿದರೆ ಮಾತ್ರೆ ನಿಲ್ಲಿಸಿ ವೈದ್ಯರ ಹತ್ತಿರ ಹೋಗಬೇಕು.

ಇನ್ನೊಂದು ಮಾತು, ರಕ್ತದಾನ ಶಿಬಿರ ನಡೆಸುವ ಗೆಳೆಯರಿಗೆ. ಈ ಮಾತ್ರೆ ತಗೊಳ್ತಿರುವವರು, ಬಿಟ್ಟು ಒಂದು ತಿಂಗಳಾಗದವರು ರಕ್ತ ಕೊಡಬಾರದು. ಆ ರಕ್ತ ಗರ್ಭಿಣಿಗೆ ಹೋದರೆ ಹೊಟ್ಟೆಯಲ್ಲಿರುವ ಗಂಡು ಮಗುವಿನ ಬೆಳವಣಿಗೆಗೆ ಅಪಾಯ. ಅಂಬೇಡ್ಕರ್ ಜಯಂತಿಯ ಶಿಬಿರದಲ್ಲಿ ನಾನು ಹೆಸರು ಬರೆಯುವ ಟೇಬಲ್ಲಿಗೇ ಸೀಮಿತನಾದೆ.

ನಮ್ಮ ದೇಶದ ಔಷಧ ನಿಯಮಗಳ ಶೆಡ್ಯೂಲ್ 'ಜೆ' ಪಟ್ಟಿಯಲ್ಲಿ ಬೋಳುತಲೆಯೂ ಇದೆ. ಯಾವ ಔಷಧಿಯೂ ಅದನ್ನು ತಡೆಯುತ್ತೇನೆ, ವಾಸಿ ಮಾಡುತ್ತೇನೆ ಅಂತ ಹೇಳಿಕೊಳ್ಳುವಂತಿಲ್ಲ. ಆದರೂ ನನ್ನ ಫೋನಿನಲ್ಲಿ ಆ ಜಾಹೀರಾತು ಈಗಲೂ ಬರುತ್ತಿದೆ, ಮೊದಲು-ಆಮೇಲೆ ಫೋಟೊ ಸಮೇತ. 'ಆಮೇಲೆ' ಫೋಟೊದಲ್ಲಿ ಬೆಳಕು ಜಾಸ್ತಿ ಇದೆಯಾ, ಕೂದಲನ್ನು ಮುಂದಕ್ಕೆ ಬಾಚಿದ್ದಾರಾ ಅಂತ ಒಮ್ಮೆ ನೋಡಿ.