ಠುಸ್ಸಾದ ಜೋಕಿನ ಎರಡನೇ ನಗು

ಹೋದ ವರ್ಷ ಆಫೀಸಿನಲ್ಲಿ ಎಂಬತ್ತು ಜನರ ಮುಂದೆ ಒಂದು ಪ್ರೆಸೆಂಟೇಶನ್ ಕೊಡಬೇಕಿತ್ತು. ಎರಡನೇ ಸ್ಲೈಡಿಗೇ ಒಂದು ಜೋಕು ಇಟ್ಟಿದ್ದೆ. ಮನೇಲಿ ಕನ್ನಡಿ ಮುಂದೆ ಹೇಳಿಕೊಂಡಾಗ ನನಗೇ ನಗು ಬಂದಿತ್ತು. ಅಲ್ಲಿ ಹೇಳಿದಾಗ ಏಸಿ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಗಾಬರಿಯಲ್ಲಿ ಜೋಕನ್ನು ಬಿಡಿಸಿ ಅರ್ಥ ಹೇಳೋಕೆ ಹೋದೆ. ಮೌನ ಇನ್ನೂ ಗಟ್ಟಿಯಾಯಿತು.

ಆ ರಾತ್ರಿ ನಿದ್ದೆ ಬರದೆ ಜಾನಿ ಕಾರ್ಸನ್‌ನ ಹಳೇ ವಿಡಿಯೊಗಳನ್ನು ನೋಡುತ್ತಾ ಕೂತೆ. ಅಮೆರಿಕದ ‘ಟುನೈಟ್ ಶೋ’ವನ್ನು 1962ರಿಂದ 1992ರವರೆಗೆ ಮೂವತ್ತು ವರ್ಷ ನಡೆಸಿದವನು ಈತ. ಹಾಸ್ಯವನ್ನು ಓದಿ ಪಾಸಾದವನು ಕೂಡ. 1949ರಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾಲಯದಲ್ಲಿ ಪದವಿಗಾಗಿ ಆತ ಮಾಡಿದ ಪ್ರಬಂಧದ ವಿಷಯವೇ ರೇಡಿಯೊಗೆ ಹಾಸ್ಯ ಬರೆಯೋದು ಹೇಗೆ ಅಂತ. ಅದನ್ನು ಟೇಪಿನಲ್ಲಿ ರೆಕಾರ್ಡ್ ಮಾಡಿದ್ದ. ಜಾಕ್ ಬೆನ್ನಿಯಂಥ ಹಾಸ್ಯಗಾರರ ಕಾರ್ಯಕ್ರಮಗಳ ತುಣುಕು ಕೇಳಿಸಿ, ನಗು ಎಲ್ಲಿ, ಯಾಕೆ ಬಂತು ಅಂತ ತಾನೇ ಮಾತಾಡಿ ವಿವರಿಸಿದ್ದ.

ಬೆನ್ನಿ ಆತನ ಆರಾಧ್ಯ ದೈವ. ಜೋಕನ್ನು ಎಲ್ಲಿ ಇಡಬೇಕು ಅನ್ನೋದಕ್ಕೆ 1948ರ ಮಾರ್ಚ್ 28ರ ಬೆನ್ನಿ ಕಾರ್ಯಕ್ರಮವೇ ಪಾಠ. ಕಳ್ಳನೊಬ್ಬ ಅಡ್ಡಗಟ್ಟಿ, ದುಡ್ಡು ಬೇಕಾ ಪ್ರಾಣ ಬೇಕಾ ಅಂತ ಕೇಳ್ತಾನೆ. ಬೆನ್ನಿ ಸುಮ್ಮನಿರ್ತಾನೆ. ಅಷ್ಟರಲ್ಲೇ ಜನ ನಗೋಕೆ ಶುರು ಮಾಡ್ತಾರೆ. ಕಳ್ಳ ಮತ್ತೆ ಗದರಿಸಿದಾಗ, ಯೋಚಿಸ್ತಾ ಇದೀನಿ ಅಂತಾನೆ.

ಇದನ್ನು ನಗಿಸಿದ್ದು ಆ ಕೊನೆಯ ಮಾತೊಂದೇ ಅಲ್ಲ. ಬೆನ್ನಿಯ ಪಾತ್ರ ಮಹಾ ಜುಗ್ಗ ಅಂತ ಕೇಳುಗರಿಗೆ ವರ್ಷಗಳಿಂದ ಗೊತ್ತಿತ್ತು. ಹಾಗಾಗಿ ಪೀಠಿಕೆಯೇ ಬೇಕಾಗಲಿಲ್ಲ. ಸ್ಕ್ರಿಪ್ಟಿನಲ್ಲಿ ಪ್ರಶ್ನೆ ಆದಮೇಲೆ ಮೌನಕ್ಕೂ ಜಾಗ ಇತ್ತು. ಆ ಮೌನದಲ್ಲಿ ಕೇಳುಗನೇ ಉತ್ತರ ಊಹಿಸಿಕೊಂಡ. ಇದೇ ದೃಶ್ಯವನ್ನು ಬೆನ್ನಿ ಯಾರು ಅಂತ ಗೊತ್ತಿಲ್ಲದವರ ಮುಂದೆ ಇಟ್ಟರೆ ಆ ಮೌನ ಬರೀ ಮೌನವೇ. ನನ್ನ ಎರಡನೇ ಸ್ಲೈಡಿನ ಜೋಕಿಗೆ ಆಗಿದ್ದೂ ಇದೇ. ಆ ಹೊತ್ತಿಗೆ ಕೂತವರಿಗೆ ನಾನೂ ಗೊತ್ತಿರಲಿಲ್ಲ, ನನ್ನ ವಿಷಯವೂ ಗೊತ್ತಿರಲಿಲ್ಲ.

ಕಾರ್ಸನ್‌ನ ಕಷ್ಟ ಬೇರೆ. ಆತನ ಆರಂಭದ ಮಾತುಗಳು ಅವತ್ತಿನ ಸುದ್ದಿಯ ಮೇಲೆ ಹೆಣೆದ ಜೋಕುಗಳು. ಪರೀಕ್ಷಿಸಿ ನೋಡೋಕೆ ಸಮಯವೇ ಇಲ್ಲ. ಕೆಲವು ಠುಸ್ ಆಗೋದು ಖಚಿತ. ಆಗ ಮೈಕ್ ತಟ್ಟಿ ನೋಡ್ತಿದ್ದ, ಅದು ಆನ್ ಇದೆಯಾ ಅನ್ನೋ ಥರ. ತೀರಾ ಕೆಟ್ಟು ಹೋದರೆ ಬ್ಯಾಂಡಿನವರು ‘ಟೀ ಫಾರ್ ಟೂ’ ಅನ್ನೋ ಹಳೇ ಹಾಡಿನ ರಾಗ ಎತ್ತಿಕೊಳ್ತಿದ್ದರು. ಸೂಟು ಹಾಕಿಕೊಂಡ ಈ ದೊಡ್ಡ ಮನುಷ್ಯ ಮುಖದಲ್ಲಿ ಏನೂ ತೋರಿಸದೆ ಕಾಲು ಸರಿಸುತ್ತಾ ಮೆಲ್ಲಗೆ ಕುಣೀತಿದ್ದ. ಜೋಕಿಗೆ ಸಿಗದ ನಗು ಅದರ ಸಾವಿಗೆ ಸಿಗ್ತಿತ್ತು.

ಇದು ಯಾಕೆ ಕೆಲಸ ಮಾಡುತ್ತೆ? ಜೋಕು ಬಿದ್ದಾಗ ಹೇಳಿದವನಿಗಿಂತ ಕೇಳಿದವರಿಗೇ ಹೆಚ್ಚು ಮುಜುಗರ. ಈಗ ಇವನು ಏನು ಮಾಡ್ತಾನೋ ಅಂತ ಬಿಗಿ ಹಿಡಿದು ಕೂತಿರ್ತಾರೆ. ಬಿದ್ದಿದ್ದನ್ನು ಹೇಳಿದವನೇ ಒಪ್ಪಿಕೊಂಡ ಕೂಡಲೆ ಆ ಬಿಗಿ ಸಡಿಲವಾಗುತ್ತೆ. ಅರ್ಥ ವಿವರಿಸಿದರೆ, ತಪ್ಪು ನಿಮ್ಮದು ಅಂತ ಅವರಿಗೇ ಹೇಳಿದ ಹಾಗೆ.

ಇದಕ್ಕೂ ಮಿತಿ ಇದೆ. ಒಂದೇ ಮಾತಿನಲ್ಲಿ ನಾಲ್ಕು ಸಲ ಹೀಗೆ ಮಾಡಿದರೆ, ತಯಾರಿ ಇಲ್ಲದೆ ಬಂದಿದ್ದಾನೆ ಅನ್ನಿಸುತ್ತೆ. ಮೌನಕ್ಕೆ ಕಾರಣ ಏನು ಅಂತಲೂ ನೋಡಬೇಕು. ಹಿಂದಿನ ಸಾಲಿನವರು ಮಾತ್ರ ನಗದಿದ್ದರೆ ಬಹುಶಃ ಕೇಳಿಸಿಲ್ಲ. ಎಲ್ಲರೂ ನಿಮ್ಮನ್ನೇ ನೋಡ್ತಾ ಕಾಯ್ತಿದ್ದರೆ ಜೋಕು ಮುಗಿದಿದ್ದೇ ಗೊತ್ತಾಗಿಲ್ಲ. ಒಬ್ಬರ ಮುಖ ನೋಡಿ ಮಿಕ್ಕವರು ತಲೆ ತಗ್ಗಿಸಿದರೆ ಯಾರಿಗೋ ನೋವಾಗಿದೆ. ಅಲ್ಲಿ ಕುಣಿಯೋ ಹಾಗಿಲ್ಲ, ಸಾರಿ ಕೇಳಿ ಮುಂದೆ ಹೋಗಬೇಕು.

ಎರಡು ತಿಂಗಳ ನಂತರ ಅದೇ ಪ್ರೆಸೆಂಟೇಶನ್ನನ್ನು ಇನ್ನೊಂದು ತಂಡಕ್ಕೆ ಕೊಡಬೇಕಾಯಿತು. ಜೋಕನ್ನು ಒಂಬತ್ತನೇ ಸ್ಲೈಡಿಗೆ ಸರಿಸಿದೆ. ಸರ್ವರ್ ಬಿದ್ದ ರಾತ್ರಿಯ ಕಥೆ ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿರುತ್ತೆ. ಹೇಳಬೇಕಾದ ಮುಖ್ಯ ವಿಷಯವನ್ನು ಜೋಕಿಗಿಂತ ಮುಂಚೆ ಇಟ್ಟೆ, ನಗು ಬರದಿದ್ದರೂ ವಿಷಯ ನಷ್ಟ ಆಗದಿರಲಿ ಅಂತ. ನೋಟ್ಸಿನಲ್ಲಿ ಜೋಕಿನ ಕೆಳಗೆ ಇನ್ನೊಂದು ಸಾಲು ಬರೆದುಕೊಂಡೆ.

ಈ ಸಲವೂ ಇಬ್ಬರೋ ಮೂವರೋ ಮುಗುಳ್ನಕ್ಕರು, ಅಷ್ಟೇ. ಎರಡು ಸೆಕೆಂಡ್ ಕಾದು, ಕೆಳಗಿನ ಸಾಲು ಓದಿದೆ: “ಏನೋಪ್ಪ, ನನ್ನ ಲ್ಯಾಪ್‌ಟಾಪಲ್ಲಿ ವರ್ಕ್ ಆಗ್ತಿತ್ತು.”

ಆಗ ನಕ್ಕರು. ಟೆಸ್ಟಿಂಗ್ ತಂಡದವರು ಎಲ್ಲರಿಗಿಂತ ಜೋರಾಗಿ.